ದೇವರಕಾಡು ಲೇಖನ: ಉಲ್ಲೇಖಗಳ ಬಗ್ಗೆ ನಿಮ್ಮ ಆಕ್ಷೇಪಕ್ಕೆ ಉತ್ತರ

ಮಾನ್ಯ ವಿಮರ್ಶಕರೇ,

ನಮಸ್ಕಾರ. ಕೊಡಗಿನ ದೇವರಕಾಡುಗಳ ಬಗೆಗಿನ ನನ್ನ ಲೇಖನದಲ್ಲಿ ಉಲ್ಲೇಖಗಳು ಒಂದೊಂದು ಕಡೆ ಒಂದೊಂದು ಥರ ಇವೆ ಎಂದು ಬರೆದಿದ್ದೀರಿ. ನಿಜ. ತಪ್ಪು ನನ್ನದೇ. ಎರಡು ವಾರ ಕೂತು ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಪುಸ್ತಕ ಎದುರಿಗಿಟ್ಟುಕೊಂಡೇ ತಿದ್ದಿದ್ದೇನೆ.

ಜಾಸ್ತಿ ಗೊಂದಲ ಇದ್ದದ್ದು ಹೆಸರುಗಳಲ್ಲಿ. ಕೊಡವರಲ್ಲಿ ಒಕ್ಕದ ಹೆಸರು ಮೊದಲು, ಆಮೇಲೆ ವ್ಯಕ್ತಿಯ ಹೆಸರು, ಅಲ್ವಾ? ನಾನು ಬಳಸಿದ ಸಾಫ್ಟ್‌ವೇರ್ ಕೊನೆಯ ಪದವನ್ನೇ ಮನೆತನದ ಹೆಸರು ಅಂದುಕೊಂಡು, ನಡಿಕೇರಿಯಂಡ ಚಿನ್ನಪ್ಪ ಅವರನ್ನು ಒಮ್ಮೆ ‘ನ’ದಲ್ಲಿ, ಒಮ್ಮೆ ‘ಚ’ದಲ್ಲಿ ಹಾಕಿತ್ತು. ಅದನ್ನು ನಾನು ನೋಡಿ ಸರಿಮಾಡಬೇಕಿತ್ತು. ಇನ್ನೊಂದು ತೊಡಕೂ ಇತ್ತು. ನಡಿಕೇರಿಯಂಡ ಚಿನ್ನಪ್ಪ ಅವರ ‘ಪಟ್ಟೋಲೆ ಪಳಮೆ’ಯನ್ನು 2003ರಲ್ಲಿ ಇಂಗ್ಲಿಷಿಗೆ ತಂದವರಲ್ಲೂ ಒಬ್ಬರು ಚಿನ್ನಪ್ಪ, ಬೊವ್ವೇರಿಯಂಡ ಚಿನ್ನಪ್ಪ, ಹಾಗಾಗಿ ಲೇಖನದಲ್ಲಿ ಬರೀ ‘ಚಿನ್ನಪ್ಪ’ ಎಂದರೆ ಮೂಲ ಬರೆದವರೋ ಅನುವಾದಕರೋ ಗೊತ್ತಾಗುತ್ತಿರಲಿಲ್ಲ. ಈಗ ಕೊಡವ ಲೇಖಕರೆಲ್ಲರೂ ಒಕ್ಕದ ಹೆಸರಿನಲ್ಲೇ ಇದ್ದಾರೆ, ಪೂರ್ತಿ ಹೆಸರಿನೊಂದಿಗೆ. 1924ರ ಮೂಲ ಮತ್ತು 2003ರ ಅನುವಾದ ಬೇರೆ ಬೇರೆ ನಮೂದುಗಳಾಗಿವೆ. ಅನುವಾದದಿಂದ ತೆಗೆದ ಪುಟಗಳಿಗೆ 1924 ಎಂದು ಹಾಕಿದ್ದ ಆರು ಕಡೆ ಸರಿಪಡಿಸಿದ್ದೇನೆ.

ರೈಸ್ ಅವರ ಕೊಡಗು ಶಾಸನಗಳ ಸಂಪುಟದಲ್ಲಿ ಪುಟ ಹೊಂದುತ್ತಿಲ್ಲ ಎಂದಿರಿ. ಪುಟಗಳು 1914ರ ಪರಿಷ್ಕೃತ ಮುದ್ರಣದ್ದು, ವರ್ಷ ಮಾತ್ರ 1886ರ ಮೊದಲ ಮುದ್ರಣದ್ದು. ಈಗ ಎಲ್ಲ ಕಡೆ 1914. ರಿಕ್ಟರ್ ಅವರ 1870ರ ಕೈಪಿಡಿ ಎರಡು ಸಲ ಬಂದಿತ್ತು, ಒಂದನ್ನು ತೆಗೆದೆ. ಎಂ. ಎನ್. ಶ್ರೀನಿವಾಸ್ ಹೆಸರು ಮೂರು ಬಗೆಯಲ್ಲಿತ್ತು, ಈಗ ಒಂದೇ. ‘ಪು.’ ಮತ್ತು ‘ಪುಟ’ದಲ್ಲಿ ‘ಪು.’ ಉಳಿಸಿದೆ. ‘ಅದೇ’ ಎಂದಿದ್ದ ಕಡೆಯೆಲ್ಲ ಲೇಖಕರ ಹೆಸರು, ವರ್ಷ ಬರೆದಿದ್ದೇನೆ, ನಡುವೆ ಒಂದು ಪ್ಯಾರಾ ಸೇರಿಸಿದರೂ ‘ಅದೇ’ ಅಂದರೆ ಯಾವುದು ಅಂತ ಹುಡುಕಬೇಕಾಗುತ್ತದೆ.

ಲೇಖನದೊಳಗಿದ್ದು ಪಟ್ಟಿಯಲ್ಲಿ ಇಲ್ಲದ ನಾಲ್ಕು ಉಲ್ಲೇಖಗಳನ್ನು ಸೇರಿಸಿದ್ದೇನೆ. ಒಂದು ಪತ್ರಿಕಾ ಬರಹದ ಮೂಲ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದನ್ನೂ, ಅದನ್ನೇ ನಂಬಿದ್ದ ಮೂರನೇ ಭಾಗದ ಎರಡು ವಾಕ್ಯಗಳನ್ನೂ ತೆಗೆದೆ. ಹೀಗೆ 46 ಇದ್ದ ನಮೂದುಗಳು ಈಗ 48.

ಊರಿನ ಹಿರಿಯರು ಹೇಳಿದ ಮಾತುಗಳು ಪುಸ್ತಕಗಳ ನಡುವೆ ಸೇರಿಹೋಗಿದ್ದವು. ಅವಕ್ಕೆ ಪಟ್ಟಿಯ ಕೊನೆಯಲ್ಲಿ ಬೇರೆ ಭಾಗ ಮಾಡಿ, ಮಾತಾಡಿದ ಊರು ಮತ್ತು ದಿನ ಕೊಟ್ಟಿದ್ದೇನೆ. ಅವರ ಮಾತಿಗೂ ಅಚ್ಚಾದ ಪುಸ್ತಕದಷ್ಟೇ ಸರಿಯಾದ ಗುರುತು ಇರಬೇಕು.

ಒಂದು ಸಲಹೆಯನ್ನು ಮಾತ್ರ ಒಪ್ಪಿಲ್ಲ. ‘ಕೂರ್ಗ್’, ‘ಮರ್ಕೆರಾ’ ಇರುವ ಕಡೆಯೆಲ್ಲ ಕೊಡಗು, ಮಡಿಕೇರಿ ಮಾಡಿ ಎಂದಿದ್ದಿರಿ. ನನ್ನ ಮಾತಿನಲ್ಲಿ ಹಾಗೇ ಮಾಡಿದ್ದೇನೆ. ಆದರೆ ಹಳೆಯ ಪುಸ್ತಕಗಳ ಶೀರ್ಷಿಕೆಯಲ್ಲಿ ಅಚ್ಚಾದಂತೆಯೇ ಬಿಟ್ಟಿದ್ದೇನೆ. ಬದಲಾಯಿಸಿದರೆ ಓದುಗರಿಗೆ ಲೈಬ್ರರಿಯಲ್ಲಿ ಆ ಪುಸ್ತಕ ಸಿಗುವುದಿಲ್ಲ.

ಸಾಲು ಸಾಲಾಗಿ ಓದಿ ಪುಟದ ಸಂಖ್ಯೆಯವರೆಗೆ ಹಿಡಿದುಕೊಟ್ಟಿರಿ, ತುಂಬಾ ಧನ್ಯವಾದ. ತಿದ್ದಿದ ಪ್ರತಿಯಲ್ಲಿ ಬದಲಾದ ಕಡೆಯೆಲ್ಲ ಹಳದಿ ಗುರುತು ಇದೆ.

ವಂದನೆಗಳೊಂದಿಗೆ,
ಲೇಖಕಿ
ವಿರಾಜಪೇಟೆ