ದುರ್ನಡತೆ ಮತ್ತು ಶಿಸ್ತು ಕ್ರಮಗಳ ಕೋಷ್ಟಕ: ದೊಡ್ಡಬಳ್ಳಾಪುರ ಗಾರ್ಮೆಂಟ್ಸ್ ಘಟಕ

ಯಾರಿಗೆ: ಲೈನ್ ಸೂಪರ್‌ವೈಸರ್‌ಗಳು, ಫ್ಲೋರ್ ಇನ್‌ಚಾರ್ಜ್‌ಗಳು, ಕಟಿಂಗ್, ಫಿನಿಶಿಂಗ್ ಮತ್ತು ಸ್ಟೋರ್ ಮುಖ್ಯಸ್ಥರು
ಜಾರಿ: 2026ರ ಏಪ್ರಿಲ್ 1ರಿಂದ
ಹೊರಡಿಸಿದವರು: ಮಾನವ ಸಂಪನ್ಮೂಲ ವಿಭಾಗ

ಒಂದೇ ತಪ್ಪಿಗೆ ಒಂದು ಲೈನ್‌ನಲ್ಲಿ ಬರೀ ಗದರಿಕೆ, ಪಕ್ಕದ ಲೈನ್‌ನಲ್ಲಿ ಎಚ್ಚರಿಕೆ ಪತ್ರ. ಕಳೆದ ವರ್ಷದ ಕಡತಗಳಲ್ಲಿ ಇಂಥವು ಹಲವು ಸಿಕ್ಕಿವೆ. ಟಾರ್ಗೆಟ್ ಮುಟ್ಟಿಸುವ ಟೈಲರ್‌ಗೆ ರಿಯಾಯಿತಿ, ಹೊಸ ಹೆಲ್ಪರ್‌ಗೆ ಬಿಗಿ ಎಂಬ ಪದ್ಧತಿ ಇನ್ನು ನಡೆಯುವುದಿಲ್ಲ. ಕ್ರಮ ಕೈಗೊಳ್ಳುವ ಮುನ್ನ ಈ ಕೋಷ್ಟಕ ನೋಡಿ.

| ದುರ್ನಡತೆ | ಮೊದಲ ಸಲ | ಎರಡನೇ ಸಲ | ಮೂರನೇ ಸಲ | ಮುಂದೆ |
|---|---|---|---|---|
| ತಿಂಗಳಲ್ಲಿ 3ಕ್ಕಿಂತ ಹೆಚ್ಚು ದಿನ ತಡವಾಗಿ ಬರುವುದು | ಮೌಖಿಕ ಎಚ್ಚರಿಕೆ | ಎಚ್ಚರಿಕೆ ಪತ್ರ | ಅಂತಿಮ ಎಚ್ಚರಿಕೆ | 1 ದಿನ ಅಮಾನತು |
| ತಿಳಿಸದೆ ಗೈರುಹಾಜರಿ (1–3 ದಿನ) | ಮೌಖಿಕ ಎಚ್ಚರಿಕೆ | ಎಚ್ಚರಿಕೆ ಪತ್ರ | ಅಂತಿಮ ಎಚ್ಚರಿಕೆ | 2 ದಿನ ಅಮಾನತು |
| ಸೂಜಿ ರಕ್ಷಕ ತೆಗೆದು ಹೊಲಿಯುವುದು, ಮುರಿದ ಸೂಜಿಯ ಚೂರುಗಳನ್ನು ಒಪ್ಪಿಸದಿರುವುದು | ಎಚ್ಚರಿಕೆ ಪತ್ರ, ಮರುತರಬೇತಿ | ಅಂತಿಮ ಎಚ್ಚರಿಕೆ | 2 ದಿನ ಅಮಾನತು | ವಿಚಾರಣೆ |
| ನ್ಯಾಯವಾದ ಆದೇಶವನ್ನು ಬೇಕೆಂದೇ ಧಿಕ್ಕರಿಸುವುದು | ಎಚ್ಚರಿಕೆ ಪತ್ರ | ಅಂತಿಮ ಎಚ್ಚರಿಕೆ | 4 ದಿನ ಅಮಾನತು | ವಿಚಾರಣೆ |
| ಬೈಗುಳ, ಬಟ್ಟೆ ಎಸೆದು ಅವಮಾನಿಸುವುದು | ಅಂತಿಮ ಎಚ್ಚರಿಕೆ | 4 ದಿನ ಅಮಾನತು | ವಿಚಾರಣೆ | – |
| ಬೇರೆಯವರ ಹಾಜರಾತಿ ಹಾಕುವುದು | ಅಂತಿಮ ಎಚ್ಚರಿಕೆ | ವಿಚಾರಣೆ | – | – |
| ಕಳ್ಳತನ, ಹೊಡೆದಾಟ, ಕುಡಿದು ಬರುವುದು, ಲಂಚ | ನೇರ ವಿಚಾರಣೆ. ರುಜುವಾತಾದರೆ ವಜಾವರೆಗೆ | – | – | – |

ಬೈಗುಳದ ಸಾಲನ್ನು ಇನ್ನೊಮ್ಮೆ ಓದಿ. ಅದನ್ನು ಬರೆದಿರುವುದು ಮುಖ್ಯವಾಗಿ ಸೂಪರ್‌ವೈಸರ್‌ಗಳಿಗಾಗಿ. ಶಿಪ್‌ಮೆಂಟ್‌ನ ಒತ್ತಡವನ್ನು ಕಾರಣವೆಂದು ಒಪ್ಪುವುದಿಲ್ಲ.

ಯಾರಿಗೆ ಎಷ್ಟು ಅಧಿಕಾರ

ಸೂಪರ್‌ವೈಸರ್ ಮೌಖಿಕ ಎಚ್ಚರಿಕೆ ಮಾತ್ರ ಕೊಡಬಹುದು. ಅದನ್ನೂ ಅದೇ ದಿನ ರಿಜಿಸ್ಟರ್‌ನಲ್ಲಿ ಬರೆಯಬೇಕು. ಬರೆಯದ ಎಚ್ಚರಿಕೆ ಲೆಕ್ಕಕ್ಕಿಲ್ಲ. ಎಚ್ಚರಿಕೆ ಪತ್ರ ಫ್ಲೋರ್ ಇನ್‌ಚಾರ್ಜ್‌ನದು, ಅಂತಿಮ ಎಚ್ಚರಿಕೆ ಮತ್ತು ಅಮಾನತು ನಮ್ಮ ವಿಭಾಗದ್ದು, ವಜಾ ಕಾರ್ಖಾನೆ ವ್ಯವಸ್ಥಾಪಕರದು. "ನಾಳೆಯಿಂದ ಬರಬೇಡ" ಎಂದು ಗೇಟಿನಲ್ಲಿ ಹೇಳುವ ಹಕ್ಕು ಯಾರಿಗೂ ಇಲ್ಲ.

ಮೌಖಿಕ ಎಚ್ಚರಿಕೆಯ ಮೇಲಿನ ಯಾವುದೇ ಕ್ರಮಕ್ಕೆ ಮೊದಲು ಕಾರಣ ಕೇಳುವ ನೋಟಿಸ್ ಕೊಟ್ಟು ಉತ್ತರಕ್ಕೆ 3 ದಿನ ಬಿಡಬೇಕು. ಪತ್ರ ಕಾರ್ಮಿಕರು ಓದಬಲ್ಲ ಭಾಷೆಯಲ್ಲಿರಲಿ. ಒಡಿಶಾದಿಂದ ಬಂದ ಹುಡುಗಿಯಿಂದ ಕನ್ನಡ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಆ ಸಹಿಗೆ ಬೆಲೆಯಿಲ್ಲ. ಸಹಿ ನಿರಾಕರಿಸಿದರೆ ಇಬ್ಬರು ಸಾಕ್ಷಿಗಳ ಎದುರು ಹಾಗೆಂದು ಬರೆಯಿರಿ, ಬಲವಂತ ಬೇಡ.

ಲೆಕ್ಕ ಹಾಕುವ ಬಗೆ

"ಎರಡನೇ ಸಲ" ಎಂದರೆ 12 ತಿಂಗಳೊಳಗೆ ಅದೇ ಸಾಲಿನ ತಪ್ಪು ಮರುಕಳಿಸುವುದು. ತಡವಾಗಿ ಬಂದದ್ದನ್ನೂ ಸೂಜಿಯ ತಪ್ಪನ್ನೂ ಕೂಡಿಸಿ ಮೇಲಿನ ಹಂತಕ್ಕೆ ಏರಿಸುವಂತಿಲ್ಲ. ಕಾರ್ಖಾನೆಯ ಬಸ್ಸೇ ತಡವಾದ ದಿನ ಅದರಲ್ಲಿ ಬಂದವರಿಗೆ ತಡ ಬರೆಯಬಾರದು. ಚಾಲಕರ ಟ್ರಿಪ್ ಶೀಟ್ ನೋಡಿ.

10 ದಿನ ಮೀರಿ ಸತತ ಗೈರುಹಾಜರಾದವರ ಹೆಸರನ್ನು ಹಾಜರಿ ಪುಸ್ತಕದಿಂದ ನೀವೇ ಹೊಡೆದುಹಾಕಬೇಡಿ. ಊರಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಹೋಗಬೇಕು, ಉತ್ತರ ಬಾರದಿದ್ದರೆ ವಿಚಾರಣೆ ನಡೆಯಬೇಕು. ಹೆರಿಗೆ, ಆಸ್ಪತ್ರೆ, ಮನೆಯಲ್ಲಿ ಸಾವು ಇಂಥ ಕಾರಣವಿದ್ದರೆ ದಾಖಲೆ ತಡವಾಗಿ ಬಂದರೂ ಪರಿಗಣಿಸುತ್ತೇವೆ.

ತಪ್ಪಿನ ಗಂಭೀರತೆ, ಹಿಂದಿನ ಸೇವಾ ದಾಖಲೆ ಮತ್ತು ಸಂದರ್ಭ ನೋಡಿ ಒಂದು ಹಂತ ಇಳಿಸಬಹುದು ಅಥವಾ ಏರಿಸಬಹುದು. ಆದರೆ ಕಾರಣವನ್ನು ಕಡತದಲ್ಲಿ ಬರೆದು ನಮ್ಮ ವಿಭಾಗದ ಒಪ್ಪಿಗೆ ಪಡೆಯಬೇಕು. "ಒಳ್ಳೆಯ ಕೆಲಸಗಾರ" ಎಂದಷ್ಟೇ ಬರೆದರೆ ವಾಪಸು ಕಳುಹಿಸುತ್ತೇವೆ.

ಅಮಾನತು ಎರಡು ಬಗೆ

ಶಿಕ್ಷೆಯಾಗಿ ಕೊಡುವ ಅಮಾನತು ಒಂದು ಸಲಕ್ಕೆ 4 ದಿನ ಮೀರುವಂತಿಲ್ಲ. ಆ ದಿನಗಳ ಸಂಬಳವಿಲ್ಲ. ವಿಚಾರಣೆ ಮುಗಿಯುವವರೆಗೆ ದೂರ ಇಡುವುದು ಶಿಕ್ಷೆಯಲ್ಲ. ಹಾಗಾಗಿ ಮೊದಲ 90 ದಿನ ಸಂಬಳದ 50%, ನಂತರವೂ ವಿಚಾರಣೆ ಕಾರ್ಮಿಕರಿಂದಲ್ಲದೆ ವಿಳಂಬವಾಗಿದ್ದರೆ 75% ಜೀವನಾಧಾರ ಭತ್ಯೆ ಕೊಡಬೇಕು. ವಿಚಾರಣಾಧಿಕಾರಿ ದೂರುದಾರರೂ ಸಾಕ್ಷಿಯೂ ಆಗಿರಬಾರದು. ಆರೋಪಿಗೆ ಸಹೋದ್ಯೋಗಿಯೊಬ್ಬರ ನೆರವು ಪಡೆಯಲು ಅವಕಾಶ ಕೊಡಬೇಕು.

ಕೋಷ್ಟಕದಲ್ಲಿ ಇಲ್ಲದವು

ಸಂಬಳದಲ್ಲಿ ದಂಡ ಹಿಡಿಯುವುದು ಎಲ್ಲಿಯೂ ಇಲ್ಲ. ಕಾನೂನು ಒಂದು ವೇತನ ಅವಧಿಯ ಸಂಬಳದ 3% ವರೆಗೆ ಅವಕಾಶ ಕೊಟ್ಟರೂ ಈ ಘಟಕದಲ್ಲಿ ಅದನ್ನು ಬಳಸುವುದಿಲ್ಲ. ಹಾಳಾದ ಪೀಸಿನ ಹಣ ವಸೂಲಿ, ಶೌಚಾಲಯಕ್ಕೆ ಹೋಗಿದ್ದಕ್ಕೆ ಹಾಜರಿ ಕಡಿತ, ಲೈನ್ ಮುಂದೆ ನಿಲ್ಲಿಸುವುದು ಇವು ಶಿಸ್ತು ಕ್ರಮಗಳಲ್ಲ. ಹಾಗೆ ಮಾಡಿದವರ ಮೇಲೆಯೇ ಕ್ರಮವಾಗುತ್ತದೆ.

ಲೈಂಗಿಕ ಕಿರುಕುಳದ ದೂರಿಗೆ ಮೊದಲ ಸಲ, ಎರಡನೇ ಸಲ ಎಂಬ ಲೆಕ್ಕವಿಲ್ಲ. 2013ರ ಕಾಯ್ದೆಯಂತೆ ಅದು ಆಂತರಿಕ ಸಮಿತಿಗೆ ಸೇರಿದ್ದು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ಬರೆಯಲಾಗದವರಿಗೆ ಸಮಿತಿಯೇ ನೆರವಾಗುತ್ತದೆ. ಇಬ್ಬರನ್ನೂ ಕರೆದು ಫ್ಲೋರ್‌ನಲ್ಲೇ ರಾಜಿ ಮಾಡಿಸುವ ಕೆಲಸಕ್ಕೆ ಯಾರೂ ಕೈಹಾಕಬಾರದು. ಯೂನಿಯನ್ ಸೇರುವುದು, ಕಾರ್ಮಿಕ ಇಲಾಖೆಗೆ ದೂರು ಕೊಡುವುದು ದುರ್ನಡತೆಯಲ್ಲ.

ಕ್ರಮ ಒಪ್ಪದ ಕಾರ್ಮಿಕರು 7 ದಿನದೊಳಗೆ ಕಾರ್ಖಾನೆ ವ್ಯವಸ್ಥಾಪಕರಿಗೆ ಮೇಲ್ಮನವಿ ಕೊಡಬಹುದು. ಪ್ರತಿ ತಿಂಗಳ 5ರೊಳಗೆ ಎಚ್ಚರಿಕೆ ರಿಜಿಸ್ಟರ್ ನಮ್ಮ ಮೇಜಿಗೆ ಬರಬೇಕು. ಈ ಕೋಷ್ಟಕದ ಕನ್ನಡ, ಹಿಂದಿ ಮತ್ತು ಒಡಿಯಾ ಪ್ರತಿಗಳನ್ನು ಗೇಟ್, ಕ್ಯಾಂಟೀನ್ ಮತ್ತು ಪ್ರತಿ ಫ್ಲೋರ್‌ನ ಸೂಚನಾ ಫಲಕದಲ್ಲಿ ಮಾರ್ಚ್ 25ರೊಳಗೆ ಅಂಟಿಸಿ.