ಕ್ಯಾಥೆಟರ್ ಸೋಂಕು ಮತ್ತು ನಮ್ಮ ಕೈಗಳು: ಫೀಮೇಲ್ ಮೆಡಿಕಲ್ ವಾರ್ಡ್ ಸಿಬ್ಬಂದಿಗೆ ಒಂದು ಪತ್ರ

ದಿನಾಂಕ: 9 ಜೂನ್ 2025
ಗೆ: ಫೀಮೇಲ್ ಮೆಡಿಕಲ್ ವಾರ್ಡ್‌ನ ಎಲ್ಲ ಸಿಸ್ಟರ್‌ಗಳು, ಬ್ರದರ್‌ಗಳು, ಆಯಾಗಳು ಮತ್ತು ವಾರ್ಡ್ ಬಾಯ್‌ಗಳು

ಆತ್ಮೀಯರೇ,

ಮೇ ತಿಂಗಳಲ್ಲಿ ನಮ್ಮ ವಾರ್ಡ್‌ನಲ್ಲಿ ಮೂವರಿಗೆ ಕ್ಯಾಥೆಟರ್‌ನಿಂದ ಮೂತ್ರದ ಸೋಂಕು ಆಗಿದೆ. ಕ್ಯಾಥೆಟರ್ ದಿನಗಳು ಒಟ್ಟು 310. ಸಾವಿರ ದಿನಕ್ಕೆ ಲೆಕ್ಕ ಹಾಕಿದರೆ 9.7. ಏಪ್ರಿಲ್‌ನಲ್ಲಿ ಆಗಿದ್ದು ಒಂದೇ. ಯಾರನ್ನೂ ಬೈಯಲು ಈ ಪತ್ರ ಬರೆಯುತ್ತಿಲ್ಲ. ಆದರೆ ಮೂರೂ ಕೇಸ್ ಶೀಟ್ ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

14ನೇ ಬೆಡ್‌ನ ಅಜ್ಜಿ ನಿಮಗೆಲ್ಲ ನೆನಪಿರಬೇಕು. ಉಸಿರಾಟದ ತೊಂದರೆ ಅಂತ ರಾತ್ರಿ ಕ್ಯಾಶುಯಾಲಿಟಿಗೆ ಬಂದರು, ಲೇಸಿಕ್ಸ್ ಇಂಜೆಕ್ಷನ್ ಕೊಟ್ಟು, ಮೂತ್ರ ಎಷ್ಟು ಹೋಗುತ್ತೆ ನೋಡಲು ಕ್ಯಾಥೆಟರ್ ಹಾಕಿದರು. ಅದು ಸರಿಯೇ. ಮೂರನೇ ದಿನಕ್ಕೆ ಅಜ್ಜಿ ಎದ್ದು ಕೂತರು. ಐದನೇ ದಿನ ಯೂರೋಬ್ಯಾಗ್ ಕೈಯಲ್ಲಿ ಹಿಡಿದುಕೊಂಡು, ಸಂತೆಗೆ ಹೊರಟವರ ಹಾಗೆ, ತಾವೇ ಬಾತ್‌ರೂಮಿಗೆ ನಡೆದು ಹೋಗುತ್ತಿದ್ದರು. ಅದನ್ನು ನಾನೂ ನೋಡಿದ್ದೆ, ನೀವೂ ನೋಡಿದ್ದಿರಿ. ನಡೆದಾಡುವವರಿಗೆ ಕ್ಯಾಥೆಟರ್ ಯಾಕೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಒಂಬತ್ತನೇ ದಿನ ಚಳಿ, ಜ್ವರ. ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ. ಮನೆಗೆ ಹೋಗಬೇಕಾದವರು ಇನ್ನೂ ಒಂದು ವಾರ ಇಂಜೆಕ್ಷನ್ ತಗೊಂಡರು.

ಕ್ಯಾಥೆಟರ್ ಒಳಗಿರುವ ಪ್ರತಿ ದಿನವೂ 100ರಲ್ಲಿ 3ರಿಂದ 7 ಮಂದಿಯ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ಟ್ಯೂಬಿನ ಒಳಮೈಗೆ ಲೋಳೆಯಂಥ ಪದರ ಕಟ್ಟಿಕೊಂಡು ಅವು ಅಲ್ಲೇ ಕೂರುತ್ತವೆ. ಆ ಪದರಕ್ಕೆ ಆಂಟಿಬಯೋಟಿಕ್ ಸರಿಯಾಗಿ ತಾಕುವುದಿಲ್ಲ. ನಾವು ಎಷ್ಟೇ ನೀಟಾಗಿ ನೋಡಿಕೊಂಡರೂ ದಿನ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ. ಬೇಡದ ಕ್ಯಾಥೆಟರ್ ತೆಗೆಯುವುದಕ್ಕಿಂತ ದೊಡ್ಡ ಔಷಧಿ ನನಗೆ ಗೊತ್ತಿಲ್ಲ.

ಹಾಗಾಗಿ ಇವತ್ತಿಂದ ಬೆಳಗಿನ ಹ್ಯಾಂಡಿಂಗ್ ಓವರ್‌ನಲ್ಲಿ ಪ್ರತಿ ಕ್ಯಾಥೆಟರ್ ಬಗ್ಗೆ ಎರಡು ಮಾತು ಹೇಳಿ: ಇದು ಎಷ್ಟನೇ ದಿನ, ಯಾಕೆ ಬೇಕು. ಮೂತ್ರ ಕಟ್ಟಿಕೊಂಡಿದೆ, ತುಂಬಾ ಸೀರಿಯಸ್ ಇದ್ದು ಗಂಟೆಗಂಟೆಗೂ ಮೂತ್ರ ಅಳೆಯಬೇಕು, ಸೊಂಟದ ಹತ್ತಿರದ ಹುಣ್ಣು ಮೂತ್ರ ಬಿದ್ದು ನೆನೆಯುತ್ತಿದೆ, ಕೊನೆಯ ದಿನಗಳಲ್ಲಿ ಆರಾಮವಾಗಿರಲಿ, ಇವೆಲ್ಲ ಕಾರಣಗಳು. ಸೀರೆ, ಬೆಡ್‌ಶೀಟ್ ಪದೇ ಪದೇ ಬದಲಾಯಿಸಬೇಕು ಅನ್ನುವುದು ಕಾರಣ ಅಲ್ಲ. ರಾತ್ರಿ ಒಬ್ಬರೇ ಸಿಸ್ಟರ್ ಇದ್ದಾಗ ಆ ಕಷ್ಟ ಏನು ಅಂತ ನನಗೂ ಗೊತ್ತು, ಹನ್ನೊಂದು ವರ್ಷ ವಾರ್ಡ್‌ನಲ್ಲೇ ಇದ್ದವಳು ನಾನು. ಆದರೂ ಅಲ್ಲ. ಕಾರಣ ಸಿಗದಿದ್ದರೆ ರೌಂಡ್ಸ್‌ನಲ್ಲಿ ನೀವೇ ಬಾಯಿ ಬಿಟ್ಟು ಕೇಳಿ: "ಸರ್, ಈ ಕ್ಯಾಥೆಟರ್ ಇವತ್ತು ತೆಗೀಬಹುದಾ?" ಯಾರಾದರೂ ಗುರ್ ಅಂದರೆ ನನ್ನ ಹೆಸರು ಹೇಳಿ. ತೆಗೆದ ಮೇಲೆ ಆರು ಗಂಟೆಯೊಳಗೆ ಮೂತ್ರ ಹೋಯಿತಾ ಅಂತ ನೋಡಿ, ಬರೆದಿಡಿ.

ಇನ್ನು ಕೈಗಳ ವಿಷಯ. ಕಳೆದ ಬುಧವಾರ ಬೆಳಿಗ್ಗೆ ಆರಕ್ಕೆ ವಾರ್ಡ್‌ನ ಮೂಲೆಯಲ್ಲಿ ನಿಂತಿದ್ದೆ. ಯೂರೋಬ್ಯಾಗ್ ಖಾಲಿ ಮಾಡುವ ಹೊತ್ತು. ಒಂದೇ ಜೊತೆ ಗ್ಲೌಸ್, ಒಂದೇ ಜಗ್. 3ನೇ ಬೆಡ್, 5, 6, 9. ಜಗ್‌ನ ಅಂಚು ಪ್ರತಿ ಬ್ಯಾಗ್‌ನ ಬಾಯಿಗೂ ತಾಗುತ್ತಿತ್ತು. ನಡುವೆ ಅದೇ ಗ್ಲೌಸ್‌ನಲ್ಲಿ 6ನೇ ಬೆಡ್‌ನವರ ದಿಂಬು ಸರಿ ಮಾಡಿದ್ದು, ಚಾರ್ಟ್ ಬರೆದಿದ್ದು, ಪೆನ್ನು ಜೇಬಿಗೆ ಹಾಕಿಕೊಂಡಿದ್ದು. ಯಾರು ಅಂತ ಹೇಳುವುದಿಲ್ಲ, ಯಾಕೆಂದರೆ ಬೇರೆ ಯಾರೇ ಇದ್ದರೂ ಹೀಗೇ ಮಾಡುತ್ತಿದ್ದರೇನೋ. 3ನೇ ಬೆಡ್‌ನವರ ಕ್ರಿಮಿ 9ನೇ ಬೆಡ್‌ಗೆ ಹೋಗಲು ಬೇರೆ ದಾರಿ ಬೇಕಿಲ್ಲ.

ಗ್ಲೌಸ್ ನಮ್ಮ ಕೈಯನ್ನು ಕಾಪಾಡುತ್ತದೆ, ಮುಂದಿನ ಪೇಷಂಟನ್ನು ಅಲ್ಲ. ಒಬ್ಬರ ಬ್ಯಾಗ್ ಖಾಲಿ ಆಯಿತು ಅಂದರೆ ಗ್ಲೌಸ್ ಬಿಚ್ಚಿ, ಹ್ಯಾಂಡ್ ರಬ್ ಹಾಕಿ, ಆಮೇಲೆ ಮುಂದಿನವರ ಹತ್ತಿರ ಹೋಗಿ. ಪ್ರತಿಯೊಬ್ಬರಿಗೂ ಬೇರೆ ಜಗ್. ಬೆಡ್ ನಂಬರ್ ಬರೆದ ಜಗ್‌ಗಳನ್ನು ಶುಕ್ರವಾರವೇ ಕಳಿಸಿದ್ದೇನೆ, ಡರ್ಟಿ ಯುಟಿಲಿಟಿಯಲ್ಲಿವೆ.

ಕೈ ಶುಚಿ ಮಾಡುವ ಐದು ಸಂದರ್ಭಗಳನ್ನು ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ: ಪೇಷಂಟನ್ನು ಮುಟ್ಟುವ ಮೊದಲು, ಶುದ್ಧವಾಗಿ ಮಾಡಬೇಕಾದ ಕೆಲಸದ ಮೊದಲು, ರಕ್ತ-ಮೂತ್ರ ತಾಗಿದ ಮೇಲೆ, ಪೇಷಂಟನ್ನು ಮುಟ್ಟಿದ ಮೇಲೆ, ಅವರ ಮಂಚ-ಲಾಕರ್ ಮುಟ್ಟಿದ ಮೇಲೆ. ನಾನು ನೋಡಿದ ಮಟ್ಟಿಗೆ ಮುಟ್ಟಿದ "ಮೇಲೆ" ಎಲ್ಲರೂ ತೊಳೆಯುತ್ತಾರೆ. ನಮ್ಮ ಜೀವದ ಭಯ ಅಲ್ವಾ. ತಪ್ಪಿಹೋಗುವುದು "ಮೊದಲು". ಹ್ಯಾಂಡ್ ರಬ್ ಆದರೆ 20ರಿಂದ 30 ಸೆಕೆಂಡ್, ಅಂಗೈ ತುಂಬ ತಗೊಂಡು, ಹೆಬ್ಬೆರಳು ಮತ್ತು ಉಗುರಿನ ತುದಿ ಬಿಡದೆ, ಒಣಗುವ ತನಕ. ಕೈಗೆ ಕೊಳೆ ಕಾಣುತ್ತಿದ್ದರೆ ಸೋಪು, ನೀರೇ ಬೇಕು, 40ರಿಂದ 60 ಸೆಕೆಂಡ್. ಬಳೆ, ಉಂಗುರದ ಮಾತು ಎತ್ತಿದರೆ ಕೆಲವರಿಗೆ ಬೇಜಾರಾಗುತ್ತದೆ. ಮನೆಯಲ್ಲಿ ಅತ್ತೆಯವರು ಏನಂತಾರೋ ಅನ್ನುವುದೂ ಇದೆ. ಡ್ಯೂಟಿ ಮುಗಿಯುವ ತನಕ ಪರ್ಸಿನಲ್ಲಿರಲಿ. ಬಳೆ ಕೆಳಗಿನ ಚರ್ಮ ಶುಚಿಯಾಗುವುದಿಲ್ಲ.

ನಮ್ಮ ಕಡೆಯ ತಪ್ಪೂ ಇದೆ. ಎಂಟು ಬೆಡ್‌ಗಳ ಬಳಿ ಹ್ಯಾಂಡ್ ರಬ್ ಬಾಟಲಿ ಖಾಲಿ ಇತ್ತು. ಸಿಂಕಿನ ಹತ್ತಿರ ಟಿಶ್ಯೂ ಇರಲಿಲ್ಲ, ಯೂನಿಫಾರ್ಮಿಗೇ ಕೈ ಒರೆಸಿಕೊಳ್ಳುತ್ತಿದ್ದಿರಿ. ಈಗ ಎರಡೂ ಬಂದಿವೆ. ಮತ್ತೆ ಖಾಲಿಯಾದರೆ ಇಂಡೆಂಟ್‌ಗೆ ಕಾಯದೆ ನನಗೆ ಫೋನ್ ಮಾಡಿ.

ಕ್ಯಾಥೆಟರ್ ನೋಡಿಕೊಳ್ಳುವ ಬಗ್ಗೆ ಕೆಲವು ಮಾತು. ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ಬ್ಯಾಗನ್ನು ಪೇಷಂಟ್ ಹೊಟ್ಟೆ ಮೇಲೆ ಇಡುತ್ತೇವೆ. ಬ್ಯಾಗಿನಲ್ಲಿದ್ದ ಹಳೇ ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಸ್ಟ್ರೆಚರ್‌ನ ಪಕ್ಕದ ಕಂಬಿಗೆ, ಮೂತ್ರಕೋಶಕ್ಕಿಂತ ಕೆಳಗೆ ತೂಗುಹಾಕಿ, ಆದರೆ ನೆಲಕ್ಕೆ ತಾಗಬಾರದು. ವಾರ್ಡ್ ಬಾಯ್‌ಗಳು ಇದನ್ನು ದಯವಿಟ್ಟು ನೆನಪಿಡಿ, ಪೇಷಂಟ್ ಕಡೆಯವರಿಗೂ ಹೇಳಿಕೊಡಿ. ಟ್ಯೂಬನ್ನು ತೊಡೆಗೆ ಅಂಟಿಸಿ, ಎಳೆದಾಡಬಾರದು. ಟ್ಯೂಬ್ ಮತ್ತು ಬ್ಯಾಗಿನ ಜೋಡಣೆ ಬಿಚ್ಚಬೇಡಿ. ಸ್ನಾನ ಮಾಡಿಸುವಾಗ ಆ ಜಾಗವನ್ನು ಸೋಪು, ನೀರಲ್ಲಿ ತೊಳೆದರೆ ಸಾಕು, ಬೆಟಾಡಿನ್ ಬೇಡ.

ಕಲ್ಚರ್‌ಗೆ ಬ್ಯಾಗಿನಿಂದ ಮೂತ್ರ ತೆಗೆಯಬೇಡಿ. ಸ್ಯಾಂಪಲ್ ಪೋರ್ಟನ್ನು ಸ್ಪಿರಿಟ್‌ನಲ್ಲಿ ಒರೆಸಿ, ಸಿರಿಂಜಿನಲ್ಲಿ ಎಳೆಯಿರಿ. ಮೂತ್ರ ಮಬ್ಬಾಗಿದೆ, ವಾಸನೆ ಬರುತ್ತಿದೆ ಅಂತ ಮಾತ್ರಕ್ಕೆ ಕಲ್ಚರ್ ಕಳಿಸುವುದೂ ಬೇಡ. ಕ್ಯಾಥೆಟರ್ ಇರುವವರ ಮೂತ್ರದಲ್ಲಿ, ದಿನ ಕಳೆದಂತೆ, ಸೋಂಕು ಇಲ್ಲದಿದ್ದರೂ ಎಷ್ಟೋ ಸಲ ಕ್ರಿಮಿ ಸಿಗುತ್ತದೆ. ಜ್ವರ, ಚಳಿ, ಹೊಟ್ಟೆ ಕೆಳಗೆ ನೋವು ಇಲ್ಲದೆ ಕಲ್ಚರ್ ಕಳಿಸಿದರೆ ಸುಮ್ನೆ ಆಂಟಿಬಯೋಟಿಕ್ ಶುರುವಾಗುತ್ತದೆ, ಅಷ್ಟೇ.

ಗುರುವಾರ ಮಧ್ಯಾಹ್ನ 3ಕ್ಕೆ ನರ್ಸಸ್ ಸ್ಟೇಷನ್‌ಗೆ ಬರುತ್ತೇನೆ, ಹೊಳೆಯುವ ಲೋಷನ್ ಮತ್ತು ನೀಲಿ ದೀಪ ತರುತ್ತೇನೆ. ಕೈಯಲ್ಲಿ ಎಲ್ಲಿ ಬಿಟ್ಟುಹೋಗಿದೆ ಅಂತ ನೀವೇ ನೋಡಬಹುದು. ನಾನು ಮಾಡಿ ನೋಡಿಕೊಂಡಾಗ ಎಡಗೈ ಹೆಬ್ಬೆರಳು ಪೂರ್ತಿ ಬಿಟ್ಟಿತ್ತು. ನೈಟ್ ಡ್ಯೂಟಿಯವರಿಗೆ ಶುಕ್ರವಾರ ಬೆಳಿಗ್ಗೆ ಏಳೂವರೆಗೆ, ಹತ್ತೇ ನಿಮಿಷ, ಮನೆಗೆ ಹೋಗಲು ತಡ ಮಾಡುವುದಿಲ್ಲ.

ಇಂತಿ ನಿಮ್ಮ,
ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್