ಟಿಸಿ ಕೋರಿ ಅರ್ಜಿ

ವಿಜಯಪುರ, 23-09-2024

ಮುಖ್ಯ ಗುರುಗಳಿಗೆ ನಮಸ್ಕಾರ,

ನನ್ನ ಮಗಳು ಸಹನಾ ನಿಮ್ಮ ಶಾಲೆಯಲ್ಲಿ 6ನೇ ತರಗತಿ ‘ಎ’ ವಿಭಾಗದಲ್ಲಿ ಓದುತ್ತಿದ್ದಾಳೆ. ನಾನು ಹೆಸ್ಕಾಂ ಲೈನ್‌ಮನ್. ಬಾಗಲಕೋಟೆಗೆ ವರ್ಗವಾಗಿದೆ. ದಸರಾ ರಜೆ ಮುಗಿದ ಕೂಡಲೇ ಅವಳನ್ನು ನವನಗರದ ಸರ್ಕಾರಿ ಶಾಲೆಗೆ ಸೇರಿಸಬೇಕು. ದಯವಿಟ್ಟು ರಜೆಗೆ ಮೊದಲೇ ಟಿಸಿ ಕೊಡಿ.

ವರ್ಗಾವಣೆ ಆದೇಶ, ಅವಳ ಆಧಾರ್, ಸ್ಯಾಟ್ಸ್ ಸಂಖ್ಯೆ ಇರುವ ಹೋದ ವರ್ಷದ ಅಂಕಪಟ್ಟಿ, ಈ ಮೂರರ ಪ್ರತಿ ಲಗತ್ತಿಸಿದ್ದೇನೆ. ಹೊಸ ಶಾಲೆಯ ಡೈಸ್ ಕೋಡ್ ಬರೆದ ಚೀಟಿಯೂ ಇದೆ. ಗ್ರಂಥಾಲಯದ ಪುಸ್ತಕ ವಾಪಸ್ ಕೊಟ್ಟಾಗಿದೆ.

ಒಂದು ವಿಷಯ ಗಮನಿಸಿ. ಆಧಾರ್‌ನಲ್ಲಿ ಅಡ್ಡಹೆಸರು ಸೇರಿದೆ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇಲ್ಲ. ಟಿಸಿಯಲ್ಲಿ ಶಾಲೆಯ ದಾಖಲೆಯಂತೆಯೇ ಇರಲಿ. ಈವರೆಗಿನ ಹಾಜರಾತಿ, ರೂಪಣಾತ್ಮಕ ಪರೀಕ್ಷೆಯ ಅಂಕ ಬರೆದುಕೊಟ್ಟರೆ ಅಲ್ಲಿ ಅವಳ ಕಲಿಕೆ ಮುಂದುವರಿಸಲು ಅನುಕೂಲ.

ಇಂತಿ ನಿಮ್ಮ ವಿಶ್ವಾಸಿ,
ಬಸವರಾಜ (ಸಹನಾಳ ತಂದೆ)